ಚೀಟಿ ಸರಿಯಾಗಿ ಬಂತು, ಸೆಕ್ರೆಟರಿ ಸಹಿ ಹಾಕಲಿಲ್ಲ

"ಕ್ವಾಲಿಟಿ ಕಂಟ್ರೋಲ್‌ನಲ್ಲಿ ಎಲ್ಲಾ ಪಾಸ್ ಆದ ಮೇಲೂ ಸ್ಕೋಪ್ ವ್ಯಾಲಿಡೇಶನ್ ಅಂತ ಮತ್ತೆ ಯಾಕೆ ಸಾರ್? ಎರಡೂ ಚೆಕ್ ಮಾಡೋದೇ ಅಲ್ವಾ?"

ಚೆಕ್ ಮಾಡುವವರು ಬೇರೆ, ಅವರು ನೋಡುವುದೂ ಬೇರೆ. ಹಳ್ಳಿಯೊಂದರ ಹಾಲಿನ ಡೈರಿಗೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟ ಕಥೆ ಹೇಳುತ್ತೇನೆ.

ಮೊದಲು ಸೆಕ್ರೆಟರಿ ಜೊತೆ ಕೂತು ಏನೇನು ಬೇಕು ಅಂತ ಬರೆದುಕೊಂಡೆವು. ಸಿಕ್ಕಿದ್ದು ಅರ್ಧ. ಬೆಳಿಗ್ಗೆ ಆರಕ್ಕೆ ಹೋಗಿ ಕ್ಯೂ ಪಕ್ಕ ನಿಂತಾಗ ಉಳಿದದ್ದು ಕಂಡಿತು. ಕರೆಂಟ್ ಹೋದಾಗ ಪುಸ್ತಕದಲ್ಲಿ ಬರೆದ ಲೆಕ್ಕವನ್ನು ಆಮೇಲೆ ಕಂಪ್ಯೂಟರಿಗೆ ಹಾಕಬೇಕು. ಇದನ್ನು ಯಾರೂ ಹೇಳಿರಲಿಲ್ಲ. ಅವರಿಗೆ ಅದು ದಿನದ ಕೆಲಸ, ಹೇಳುವಂಥದ್ದು ಅನ್ನಿಸಿರಲೇ ಇಲ್ಲ.

ಇದೆಲ್ಲ ಒಂದು ಎಕ್ಸೆಲ್ ಶೀಟಿಗೆ ಹೋಯಿತು. ಅದೇ ಟ್ರೇಸಬಿಲಿಟಿ ಮ್ಯಾಟ್ರಿಕ್ಸ್. ಒಂದು ಬೇಡಿಕೆಗೆ ಒಂದು ಸಾಲು: ನಂಬರ್, ಕೇಳಿದವರು ಯಾರು, ಯಾಕೆ, ಯಾವ ಸ್ಕ್ರೀನಿನಲ್ಲಿ ಅದು ಬರುತ್ತದೆ, ಯಾವ ಟೆಸ್ಟ್, ಏನಾದರೆ ಒಪ್ಪುತ್ತಾರೆ. ಇದನ್ನು ಎರಡೂ ಕಡೆಯಿಂದ ಓದಬೇಕು. ಎಡದಿಂದ ಓದುವಾಗ ಟೆಸ್ಟ್ ಕಾಲಂ ಖಾಲಿ ಇದ್ದರೆ ಆ ಕೆಲಸ ಪರೀಕ್ಷೆ ಆಗಿಲ್ಲ. ಬಲದಿಂದ ಓದುವಾಗ ನಮಗೆ ಎಸ್ಸೆಮ್ಮೆಸ್ ಕಳಿಸುವ ಸ್ಕ್ರೀನ್ ಸಿಕ್ಕಿತು, ಕೇಳಿದವರೇ ಇಲ್ಲ! ನಮ್ಮ ಹುಡುಗನೊಬ್ಬ ಸುಮ್ನೆ ಖುಷಿಗೆ ಸೇರಿಸಿದ್ದ. ತೆಗೆಸಿದೆವು.

ಆಮೇಲೆ ಕ್ವಾಲಿಟಿ ಕಂಟ್ರೋಲ್. ಇದು ನಮ್ಮೊಳಗಿನ ಕೆಲಸ: ಬರೆದುಕೊಂಡ ಹಾಗೆ ಸರಿಯಾಗಿ ಮಾಡಿದ್ದೇವಾ? ಟೆಸ್ಟರ್ ಕೈಯಲ್ಲೇ ಲೆಕ್ಕ ಹಾಕಿ ಹಿಡಿದಳು, ಫ್ಯಾಟ್ 3.45 ಇದ್ದದ್ದು 3.5 ಆಗಿ ದರ ತಪ್ಪುತ್ತಿತ್ತು. ಸೆಕ್ರೆಟರಿಗೆ ಎಷ್ಟು ಸಲ ಡೆಮೊ ಕೊಟ್ಟಿದ್ದರೂ ಈ ಪೈಸೆಗಳ ತಪ್ಪು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದನ್ನು ಸರಿಮಾಡಿ, ಪಾಸ್ ಆದದ್ದನ್ನು ಸೆಕ್ರೆಟರಿ ಮುಂದೆ ಇಟ್ಟೆವು. ವ್ಯಾಲಿಡೇಶನ್ ಅಂದರೆ ಇದು, ಕೇಳಿದವರು ನೋಡಿ ಒಪ್ಪಿ ಸಹಿ ಹಾಕುವುದು. (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಕೈಪಿಡಿಯಾದ ಪಿಎಂಬಾಕ್‌ನಲ್ಲಿ ಇದರ ಹೆಸರು ಮೊದಲು 'ವೆರಿಫೈ ಸ್ಕೋಪ್' ಅಂತಲೇ ಇತ್ತು. 2013ರ 5ನೇ ಆವೃತ್ತಿಯಲ್ಲಿ 'ವ್ಯಾಲಿಡೇಟ್' ಆಯಿತು. ಜನ ಗೊಂದಲ ಮಾಡಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.) ಸೆಕ್ರೆಟರಿ, ಹಾಲು ಹಾಕಿದವರಿಗೆ ನಮ್ಮ ಸಾಫ್ಟ್‌ವೇರ್ ಕೊಡುವ ಚೀಟಿಯನ್ನು ತಿರುಗಿಸಿ ನೋಡಿ, "ಚೆನ್ನಾಗೈತೆ. ಹೋದ ಬಟವಾಡೆಯಿಂದ ಈಚೆಗೆ ಒಟ್ಟು ಎಷ್ಟು ಲೀಟರ್ ಆಯ್ತು ಅಂತ ಎಲ್ಲೈತೆ?" ಅಂದರು.

ಇರಲಿಲ್ಲ. ಮ್ಯಾಟ್ರಿಕ್ಸ್‌ನಲ್ಲೂ ಆ ಸಾಲಿಲ್ಲ, ಹಾಗಾಗಿ ಟೆಸ್ಟೂ ಇಲ್ಲ, ಎಲ್ಲಾ ಪಾಸ್. ಸಾಲು ಇದ್ದು ನಾವು ಮಾಡದೇ ಬಿಟ್ಟಿದ್ದರೆ ಅದು ನಮ್ಮ ದೋಷ, ತಿದ್ದಿ ಕೊಡಬೇಕಿತ್ತು. ಮೊದಲೇ ಒಪ್ಪಿದ ಬೇಡಿಕೆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಚೇಂಜ್ ರಿಕ್ವೆಸ್ಟ್ ಬರೆಯಬೇಕು, ಹೊಸ ಸಾಲು, ಹೊಸ ಟೆಸ್ಟ್. ನಾವೂ ಹಾಗೇ ಬರೆದೆವು.

ಆದರೆ ಬೆಳಿಗ್ಗೆ ಆರರ ನೋಟ್‌ಬುಕ್ ತೆಗೆದು ನೋಡಿದರೆ, ಕ್ಯೂನಲ್ಲಿದ್ದ ಒಬ್ಬ ಅಜ್ಜಿ ಇದೇ ಮಾತು ಹೇಳಿದ್ದು ನನ್ನ ಅಕ್ಷರದಲ್ಲೇ ಇತ್ತು. ಶೀಟಿಗೆ ಹಾಕುವಾಗ ಬಿಟ್ಟಿದ್ದೆ. ಆ ಎರಡು ದಿನದ ಕೆಲಸಕ್ಕೆ ಬಿಲ್ ಹಾಕಲಿಲ್ಲ.