ಒಂದು ವಾಕ್ಯ, ಐದು ಕಾಲಂ

"ಮಾಲೀಕರ ಅನುಮತಿ ಪಡೆದು, ಆಲೆಮನೆಗಳಲ್ಲಿ ದುಡಿಯುವ 100 ಕಾರ್ಮಿಕರನ್ನು ಸಂದರ್ಶಿಸಿ, ಪೀಕ್ ಫ್ಲೋ ಮೀಟರ್ ಮೂಲಕ ಉಸಿರಾಟದ ಸಾಮರ್ಥ್ಯವನ್ನು ಅಳೆಯಲಾಗುವುದು."

ಅಕ್ಕನ ಮಗಳ ಸಿನಾಪ್ಸಿಸ್‌ನಲ್ಲಿ ಅಧ್ಯಯನದ ವಿಧಾನ ಅಂತ ಇದ್ದದ್ದು ಮುಖ್ಯವಾಗಿ ಈ ಒಂದು ವಾಕ್ಯ. ಅವಳು ಮೈಸೂರಿನಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಪಿ.ಎಚ್. ಓದುತ್ತಿದ್ದಾಳೆ. ಪ್ರಾಜೆಕ್ಟ್ ಮಾತ್ರ ಮಂಡ್ಯ ಕಡೆಯದು: ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವರಿಗೆ, ಕೊಪ್ಪರಿಗೆ ಪಕ್ಕ ನಿಂತು ಪಾಕ ತಿರುವುವವರಿಗೆ ಕೆಮ್ಮು, ದಮ್ಮು ಎಷ್ಟಿದೆ ಅಂತ ನೋಡುವುದು. ವಿಷಯಕ್ಕೆ ವಿಭಾಗದಲ್ಲಿ ಒಪ್ಪಿಗೆ ಸಿಕ್ಕಾಗಿತ್ತು. ಉಳಿದದ್ದು ಮನುಷ್ಯರ ಮೇಲಿನ ಅಧ್ಯಯನಕ್ಕೆ ಅನುಮೋದನೆ ಕೊಡುವ ಎಥಿಕ್ಸ್ ಕಮಿಟಿ, ಅದರ ಅರ್ಜಿ ಫಾರಂ. ನಾನು ಕೆಲವು ವರ್ಷ ಆಸ್ಪತ್ರೆಯೊಂದರಲ್ಲಿ ಸಂಶೋಧನಾ ಸಂಯೋಜಕಿಯಾಗಿದ್ದವಳು ಅನ್ನುವ ಕಾರಣಕ್ಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ಕುವೆಂಪುನಗರದ ನಮ್ಮ ಮನೆಗೆ ಬಂದಳು.

"ಚಿಕ್ಕಮ್ಮ, ಎಲ್ಲ ಬರೆದಾಗಿದೆ. ಫಾರಂಗೆ ಕಾಪಿ ಪೇಸ್ಟ್ ಮಾಡಿದ್ರೆ ಆಯ್ತಲ್ವಾ?"

ಆಗುವುದಿಲ್ಲ. ಸಿನಾಪ್ಸಿಸ್ ಓದುವವರು ಪರೀಕ್ಷಕರು. ಈ ವಿಷಯ ಯಾಕೆ, ಮೊದಲು ಯಾರು ಏನು ಮಾಡಿದ್ದಾರೆ, ಲೆಕ್ಕ ಸರಿ ಇದೆಯಾ ಅನ್ನುವುದು ಅವರ ಪ್ರಶ್ನೆ. ಹಾಗಾಗಿ ಅವಳ ಹನ್ನೆರಡು ಪುಟಗಳಲ್ಲಿ ಏಳು ಪುಟ ಪೀಠಿಕೆ ಮತ್ತು ಸಾಹಿತ್ಯ ಸಮೀಕ್ಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿಯನ್ನು ಅನುಸರಿಸುವ ಕಮಿಟಿಗಳ ಅರ್ಜಿ ನಮೂನೆಯಲ್ಲಿ ಆ ಏಳು ಪುಟಕ್ಕೆ ಸಿಗುವ ಜಾಗ ಬಹಳ ಕಮ್ಮಿ: ಸಾಮಾನ್ಯ ಜನರಿಗೆ ಅರ್ಥವಾಗುವ 300 ಪದಗಳ ಸಾರಾಂಶ. ಉಳಿದ ಕಾಲಂಗಳೆಲ್ಲ ಕೇಳುವುದು ಒಂದೇ, ಆ ಆಲೆಮನೆಯ ಮನುಷ್ಯನಿಗೆ ಇದರಿಂದ ಏನಾಗುತ್ತದೆ ಅಂತ.

ಅದಕ್ಕೇ ನಾನು ಅವಳಿಗೆ ಆ ವಾಕ್ಯವನ್ನು ಹಾಳೆಯ ಮೇಲೆ ಬರೆದು ತುಂಡು ಮಾಡು ಅಂದೆ. 'ಮಾಲೀಕರ ಅನುಮತಿ ಪಡೆದು' ಒಂದು ತುಂಡು. '100' ಒಂದು. 'ಕಾರ್ಮಿಕರನ್ನು' ಒಂದು. 'ಸಂದರ್ಶಿಸಿ' ಒಂದು. 'ಅಳೆಯಲಾಗುವುದು' ಒಂದು. ಒಂದೊಂದಕ್ಕೂ ಒಂದೊಂದು ಕಾಲಂ.

ನೂರರ ಕಥೆ ಬೇಗ ಮುಗಿಯಿತು. ಎಷ್ಟು ಜನಕ್ಕೆ ದಮ್ಮು ಇರಬಹುದು ಅನ್ನುವುದಕ್ಕೆ ಈ ಕಡೆಯ ಅಂಕಿ ಕೈಯಲ್ಲಿಲ್ಲದಿದ್ದರೆ ಅರ್ಧದಷ್ಟು ಅಂತ ಹಿಡಿಯುವುದು ರೂಢಿ. n = 4pq/d² ಸೂತ್ರದಲ್ಲಿ ದಮ್ಮು ಇರುವವರು ಶೇಕಡಾ ಎಷ್ಟು ಅನ್ನುವ p 50, ಇಲ್ಲದವರ q 50, ಲೆಕ್ಕ ಎಷ್ಟು ಆಚೀಚೆ ಆಗಬಹುದು ಅನ್ನುವ d 10 ಹಾಕಿದರೆ ಸರಿಯಾಗಿ 100 ಬರುತ್ತದೆ. ಇದನ್ನು ಕಾಲಂನಲ್ಲಿ ತೋರಿಸಲೇಬೇಕು. ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಸುಮ್ಮನೆ ಕಾಡುವುದೂ, ಉತ್ತರ ಸಿಗದಷ್ಟು ಕಮ್ಮಿ ಜನರನ್ನು ಕೂರಿಸುವುದೂ ಕಮಿಟಿಯ ಕಣ್ಣಿಗೆ ತಪ್ಪೇ.

ಹೊತ್ತು ಹಿಡಿದದ್ದು 'ಮಾಲೀಕರ ಅನುಮತಿ'. ಭಾಗವಹಿಸುವವರನ್ನು ಯಾರು, ಹೇಗೆ ಸಂಪರ್ಕಿಸುತ್ತಾರೆ ಅನ್ನುವ ಕಾಲಂಗೆ ಅವಳು ಅದೇ ಮಾತನ್ನು ಹಾಕಿದ್ದಳು. ಮಾಲೀಕ "ಏ, ಬನ್ರಲೇ, ಮೇಡಂ ಏನೋ ಕೇಳ್ತಾರೆ" ಅಂದರೆ ಒಲೆ ಮುಂದೆ ಇರುವವನು ಬರದೆ ಇರುತ್ತಾನಾ? ಅವನು ಬಂದದ್ದು ಒಪ್ಪಿಗೆಯಲ್ಲ, ಕೂಲಿಯ ಭಯ. ಮಾಲೀಕನ ಅನುಮತಿ ಅವನ ಜಾಗದೊಳಗೆ ಕಾಲಿಡುವುದಕ್ಕೆ ಮಾತ್ರ, ಕಾರ್ಮಿಕನ ಒಪ್ಪಿಗೆಗೆ ಅದು ಬದಲಿಯಲ್ಲ. ಹಾಗಾಗಿ ಬಿಡಿಸಿ ಬರೆದೆವು: ಮಾಲೀಕರಿಂದ ಆವರಣಕ್ಕೆ ಪ್ರವೇಶದ ಪತ್ರ, ಕಾರ್ಮಿಕರೊಂದಿಗೆ ಸಂಶೋಧಕಿಯೇ ನೇರವಾಗಿ ಮಾತು, ಸಂದರ್ಶನ ಕೆಲಸ ಬಿಟ್ಟ ಮೇಲೆ, ಮಾಲೀಕ ಮತ್ತು ಮೇಸ್ತ್ರಿಯ ಕಣ್ಣಿಗೆ ಬೀಳದ ಕಡೆ, ಯಾರು ಒಪ್ಪಿದರು, ಯಾರು ಒಲ್ಲೆ ಅಂದರು ಅನ್ನುವುದು ಮಾಲೀಕರಿಗೆ ಹೋಗುವುದಿಲ್ಲ.

"ಕೆಲಸ ಬಿಟ್ಟ ಮೇಲೆ ಅಂದ್ರೆ ಅವರು ಸುಸ್ತಾಗಿರ್ತಾರಲ್ಲ ಚಿಕ್ಕಮ್ಮ?" ಅಂದಳು. ನ್ಯಾಯವಾದ ಮಾತು. ಪ್ರಶ್ನಾವಳಿಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದಳು. ಬಸ್ ಚಾರ್ಜು, ಹೋದ ಕೂಲಿ ತುಂಬಿಕೊಡಲು ಅವಕಾಶವಿದೆ, ಆದರೆ ಆ ದುಡ್ಡಿನ ಆಸೆಗೇ ಒಪ್ಪಿಕೊಳ್ಳುವಷ್ಟು ಇರಬಾರದು. ಇಲ್ಲಿ ಕೂಲಿ ಹೋಗುವುದಿಲ್ಲ, ಪ್ರಯಾಣವೂ ಇಲ್ಲ. ಆ ಕಾಲಂಗೆ 'ಇಲ್ಲ' ಅಂತ ಹಾಕಿ, ಯಾಕೆ ಅಂತ ಒಂದು ಸಾಲು ಬರೆದಳು.

'ಕಾರ್ಮಿಕರನ್ನು' ಅನ್ನುವ ತುಂಡು ಇನ್ನೊಂದು ಬಾಗಿಲು ತೆಗೆಯಿತು. ಅವರಲ್ಲಿ ಉತ್ತರ ಭಾರತದಿಂದ ಬಂದವರಿದ್ದಾರೆ, ಅಕ್ಷರ ಬಾರದವರಿದ್ದಾರೆ. ಫಾರಂನಲ್ಲಿ ದುರ್ಬಲ ಗುಂಪಿನವರು ಇದ್ದಾರೆಯೇ ಅನ್ನುವಲ್ಲಿ ಅವಳು 'ಇಲ್ಲ'ಕ್ಕೆ ಟಿಕ್ ಹಾಕಲು ಹೊರಟಿದ್ದಳು, ಮಕ್ಕಳು ಗರ್ಭಿಣಿಯರು ಮಾತ್ರ ಅಂತ ಲೆಕ್ಕ. ವಲಸೆ ಬಂದವರು, ಆರ್ಥಿಕವಾಗಿ ಹಿಂದುಳಿದವರು, ಮೇಲಿನವರ ಅಧೀನದಲ್ಲಿ ದುಡಿಯುವವರು ಎಲ್ಲ ಆ ಪಟ್ಟಿಯಲ್ಲೇ ಬರುತ್ತಾರೆ. 'ಹೌದು' ಅಂದ ಕೂಡಲೇ ಮೊದಲ ಪುಟದಲ್ಲಿ ಯಾವ ಬಗೆಯ ಪರಿಶೀಲನೆ ಬೇಕು ಅನ್ನುವಲ್ಲಿನ ಟಿಕ್ಕೂ ಬದಲಾಗಬೇಕು. ಅಪಾಯ ಕನಿಷ್ಠವಾದರೂ ದುರ್ಬಲ ಗುಂಪು ಇದ್ದರೆ ಅರ್ಜಿ ಪೂರ್ಣ ಕಮಿಟಿಯ ಮುಂದೆ ಹೋಗಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ಅರ್ಜಿಗಳು ವಾಪಸು ಬರುವುದು ಬಹಳ ಸಲ ಇಂಥದ್ದಕ್ಕೇ. ಒಂದು ಕಾಲಂ ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತಿರುತ್ತದೆ.

ಒಪ್ಪಿಗೆ ಪತ್ರ ಕನ್ನಡ, ಹಿಂದಿ ಎರಡರಲ್ಲೂ ಆಯಿತು. ಓದಲು ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಯಾರು? ಮೇಸ್ತ್ರಿ ಆಗಕೂಡದು. ಬರೆಯಬಲ್ಲ ಸಹ ಕಾರ್ಮಿಕ, ಇಲ್ಲವೇ ಊರಿನ ಬೇರೆಯವರು, ಆದರೆ ಸಾಕ್ಷಿ ನಿಲ್ಲುವುದು ಓದಿ ಹೇಳುವಾಗ ಮಾತ್ರ. ಪ್ರಶ್ನೆ ಶುರುವಾದ ಮೇಲೆ ಎದ್ದು ಹೋಗಬೇಕು ಅಂತ ಬರೆದೆವು.

'ಸಂದರ್ಶಿಸಿ' ಅನ್ನುವ ತುಂಡು ಹೋದದ್ದು ಗೋಪ್ಯತೆಯ ಕಾಲಂಗೆ. ಅಲ್ಲಿ 'ಹೆಸರು ಬರೆಯುವುದಿಲ್ಲ, ಕೋಡ್ ಕೊಡಲಾಗುವುದು' ಅಂತ ಇತ್ತು. ಎಲ್ಲರೂ ಬರೆಯುವುದು ಅದನ್ನೇ. ನಾನು ಕೇಳಿದೆ: "ಒಂದು ಆಲೆಮನೆಯಲ್ಲಿ ಒಲೆ ಉರಿಸೋರು ಎಷ್ಟು ಜನ?" "ಒಬ್ಬರೋ ಇಬ್ಬರೋ." ಮತ್ತೆ ಹಳ್ಳಿ, ವಯಸ್ಸು, ಮಾಡುವ ಕೆಲಸ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಹೆಸರು ಯಾಕೆ ಬೇಕು? ಮಾಲೀಕನಿಗೆ ಯಾರ ಎದೆಗೂಡು ಸೋತಿದೆ ಅಂತ ತಕ್ಷಣ ತಿಳಿಯುತ್ತದೆ, ಬರುವ ವರ್ಷ ಆ ಮನುಷ್ಯನಿಗೆ ಕೆಲಸ ಇಲ್ಲ. ಅವಳು ಹಳ್ಳಿಯ ಬದಲು ತಾಲ್ಲೂಕು, ವಯಸ್ಸಿನ ಬದಲು ಹತ್ತು ವರ್ಷದ ಗುಂಪು ಮಾಡಿಕೊಂಡಳು. ಕೋಡ್ ಮತ್ತು ಹೆಸರಿನ ಪಟ್ಟಿ ಬೇರೆ ಕಡೆ, ಬೀಗದಲ್ಲಿ.

ಕೊನೆಯ ತುಂಡು 'ಅಳೆಯಲಾಗುವುದು'. ಸಿನಾಪ್ಸಿಸ್‌ನಲ್ಲಿ ಅಳತೆ ಬರೆದುಕೊಂಡರೆ ಕೆಲಸ ಮುಗಿಯಿತು. ಫಾರಂ ಬಿಡುವುದಿಲ್ಲ. ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದುಕೊಂಡೆ, ಅದೇ ತೀರ ಕಮ್ಮಿ ಇದೆ, ಆಮೇಲೆ? ಹೇಳದೆ ಬರುವ ಹಾಗಿಲ್ಲ. ಅವರಿಗೇ ತಿಳಿಸಿ, ಚೀಟಿ ಕೊಟ್ಟು, ತಾಲ್ಲೂಕು ಆಸ್ಪತ್ರೆಗೆ ಕಳಿಸುವುದು, ಅಲ್ಲಿನ ವೈದ್ಯರ ಜೊತೆ ಮೊದಲೇ ಮಾತಾಡಿ ಪತ್ರ ತರುವುದು ಅಂತ ಸೇರಿತು. ಊದುವಾಗ ತಲೆ ಸುತ್ತಬಹುದು ಅನ್ನುವುದು ಅಪಾಯದ ಕಾಲಂಗೂ ಹೋಯಿತು, ಕಾರ್ಮಿಕರಿಗೆ ಕೊಡುವ ಮಾಹಿತಿ ಪತ್ರಕ್ಕೂ ಹೋಯಿತು. ವೇಳಾಪಟ್ಟಿಯ ತಾರೀಖುಗಳನ್ನೆಲ್ಲ ಅಳಿಸಿ 'ಅನುಮೋದನೆಯ ನಂತರ ಮೊದಲ ತಿಂಗಳು' ಅಂತ ಮಾಡಿಸಿದೆ. ಪ್ರಶ್ನಾವಳಿಯನ್ನು ನಾಲ್ಕು ಜನರ ಮೇಲೆ ಪರೀಕ್ಷಿಸುವುದೂ ಅನುಮೋದನೆ ಬಂದ ಮೇಲೆಯೇ.

ಕಮಿಟಿಯಿಂದ ಬಂದ ಪ್ರಶ್ನೆ ನಾವು ಎಣಿಸಿದ ಯಾವುದೂ ಅಲ್ಲ. ಒಬ್ಬರು ಊದಿದ ಮೀಟರನ್ನು ಇನ್ನೊಬ್ಬರು ಊದುವುದು ಹೇಗೆ ಅಂತ ಕೇಳಿದ್ದರು. ಒಮ್ಮೆ ಬಳಸಿ ಎಸೆಯುವ ರಟ್ಟಿನ ಬಾಯಿಕೊಳವೆ, ಒಬ್ಬರಿಗೆ ಒಂದು, ಅಂತ ಉತ್ತರ. ಅದರ ಖರ್ಚು ಬಜೆಟ್ ಕಾಲಂಗೆ, ಒಂದು ಸಾಲು ವಿಧಾನಕ್ಕೆ, ಇನ್ನೊಂದು ಮಾಹಿತಿ ಪತ್ರಕ್ಕೆ. ಪತ್ರದ ಅಡಿಯಲ್ಲಿ ಆವೃತ್ತಿ 1 ಇದ್ದದ್ದನ್ನು 2 ಮಾಡಿ, ಹೊಸ ತಾರೀಖು ಹಾಕಿ, ಕನ್ನಡ ಹಿಂದಿ ಎರಡನ್ನೂ ಮತ್ತೆ ಪ್ರಿಂಟ್ ತೆಗೆಸಲು ಅವಳು ಸ್ಕೂಟರ್ ಹತ್ತಿದಳು.