ಮಣ್ಣು ಹಸಿ ಇದ್ದರೂ ಗಿಡ ಸೊರಗುವುದೇಕೆ? ಟೆನ್ಸಿಯೋಮೀಟರ್ ತೋರಿಸದ ಲೆಕ್ಕ

ಡ್ರಿಪ್ ತೋಟಗಳಿಗೆ ನೀರು, ಗೊಬ್ಬರದ ಸಲಹೆ ಕೊಡುವುದು ನನ್ನ ಕೆಲಸ. ಕೋಲಾರದ ಕಡೆ ಟೊಮೆಟೊ ಬೆಳೆಯುವವರು ಬೇಸಿಗೆಯಲ್ಲಿ ಪದೇ ಪದೇ ಹೇಳುವ ಮಾತೊಂದಿದೆ: "ಸರ್, ಮಣ್ಣು ಮುಟ್ಟಿದ್ರೆ ಹಸಿ ಇದೆ, ಮಧ್ಯಾಹ್ನ ಆದ್ರೆ ಗಿಡ ಸೊರಗ್ತದೆ." ಅಂಥ ಒಂದು ತೋಟದಲ್ಲಿ, ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಅಳೆಯುವ ಟೆನ್ಸಿಯೋಮೀಟರ್ 10 ಸೆಂಟಿಬಾರ್ ತೋರಿಸುತ್ತಿತ್ತು. ಮಣ್ಣಿನಲ್ಲಿ ನೀರಿಗೇನೂ ಕೊರತೆ ಇಲ್ಲ ಎಂದರ್ಥ. ಆದರೆ ಬೇರಿನ ಬಳಿ ಹೂತಿಟ್ಟ ಪಿಂಗಾಣಿ ತುದಿಯ ಕೊಳವೆಯಿಂದ ಮಣ್ಣಿನ ನೀರು ಎಳೆದು ಇಸಿ, ಅಂದರೆ ಕರಗಿದ ಲವಣ ಎಷ್ಟಿದೆ ಎಂದು ಸೂಚಿಸುವ ವಿದ್ಯುತ್ ವಾಹಕತೆ, ನೋಡಿದರೆ ಮೀಟರಿಗೆ 10 ಡೆಸಿಸೀಮೆನ್ಸ್ ಇತ್ತು. ಹೂ ಬಿಡುವಾಗಿನಿಂದ ದಿನಾ 13-0-45 ಗೊಬ್ಬರ ಬಿಡುತ್ತಿದ್ದರಂತೆ. ಸೊರಗಿದಷ್ಟೂ ಇನ್ನಷ್ಟು ಗೊಬ್ಬರ.

ನೀರು ಎತ್ತ ಹರಿಯುತ್ತದೆ ಎಂಬುದನ್ನು ಜಲವಿಭವ ಹೇಳುತ್ತದೆ. ಅದರ ಅಳತೆ ಮೆಗಾಪಾಸ್ಕಲ್‌ನಲ್ಲಿ, ಶುದ್ಧ ನೀರಿಗೆ ಅದು ಸೊನ್ನೆ. ನೀರನ್ನು ಹಿಡಿದಿಡುವ ಯಾವುದೇ ಕಾರಣ ಅದನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ನೀರು ಹೆಚ್ಚಿನ ವಿಭವದಿಂದ ಕಡಿಮೆ ವಿಭವದ ಕಡೆಗೆ, ಅಂದರೆ −0.1ರಿಂದ −0.3ರ ಕಡೆಗೆ ಹೋಗುತ್ತದೆ. ಮಣ್ಣಿನಲ್ಲಿ ಎರಡು ಹಿಡಿತಗಳಿವೆ: ಕಣಗಳಿಗೆ ಅಂಟಿಕೊಳ್ಳುವುದರಿಂದ ಬರುವ ಮ್ಯಾಟ್ರಿಕ್ ವಿಭವ, ಕರಗಿದ ಲವಣದಿಂದ ಬರುವ ದ್ರಾವ್ಯ ವಿಭವ. ಜೀವಕೋಶದೊಳಗೂ ದ್ರಾವ್ಯ ವಿಭವ ಋಣವೇ. ಆದರೆ ಉಬ್ಬಿದ ಕೋಶದ ಗೋಡೆ ಒಳಮುಖವಾಗಿ ಒತ್ತುವುದರಿಂದ ಬರುವ ಒತ್ತಡ ವಿಭವ, ಅಂದರೆ ಟರ್ಗರ್, ಧನ. ಎಲೆ ನೆಟ್ಟಗೆ ನಿಲ್ಲುವುದು ಈ ಟರ್ಗರ್‌ನಿಂದ. ಮೀಟರ್ ಎತ್ತರಕ್ಕೆ ಗುರುತ್ವದಿಂದ ಬರುವುದು ಬರೀ 0.01 ಮೆಗಾಪಾಸ್ಕಲ್, ಟೊಮೆಟೊ ಗಿಡಕ್ಕೆ ಅದನ್ನು ಬಿಟ್ಟುಬಿಡಬಹುದು.

ಟೆನ್ಸಿಯೋಮೀಟರ್ ಅಳೆಯುವುದು ಮ್ಯಾಟ್ರಿಕ್ ಭಾಗವನ್ನು ಮಾತ್ರ. ಅದರ ಪಿಂಗಾಣಿ ತುದಿಯಲ್ಲಿ ಲವಣ ಸಲೀಸಾಗಿ ಹಾದುಹೋಗುತ್ತದೆ, ಹಾಗಾಗಿ ಅದಕ್ಕೆ ಉಪ್ಪು ಕಾಣುವುದೇ ಇಲ್ಲ. ಬೇರಿನ ಪೊರೆ ನೀರನ್ನು ಒಳಬಿಟ್ಟು ಲವಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಉಪ್ಪಿನ ಹಿಡಿತ ತಟ್ಟುವುದು ಅಲ್ಲೇ.

ಇಸಿಯನ್ನು 0.036ರಿಂದ ಗುಣಿಸಿ ಋಣ ಚಿಹ್ನೆ ಹಾಕಿದರೆ ದ್ರಾವ್ಯ ವಿಭವ ಸುಮಾರಾಗಿ ಸಿಗುತ್ತದೆ. ಮೊದಲು ಸರಿಯಿರುವ ಮಣ್ಣು ನೋಡೋಣ, ಇಸಿ 2, ಟೆನ್ಸಿಯೋಮೀಟರ್ ಅದೇ 10 ಸೆಂಟಿಬಾರ್, ಅಂದರೆ ಮ್ಯಾಟ್ರಿಕ್ −0.01 ಮೆಗಾಪಾಸ್ಕಲ್. ಬೇರು, ಎಲೆಯ ಅಂಕಿಗಳು ಲೆಕ್ಕಕ್ಕಾಗಿ ಹಿಡಿದ ಮಾದರಿಗಳು.

ಮಣ್ಣು: −0.01 − 0.07 = −0.08
ಬೇರು: −0.70 + 0.40 = −0.30
ಎಲೆ: −1.20 + 0.50 = −0.70

ಮಣ್ಣಿನಿಂದ ಬೇರಿಗೆ 0.22, ಬೇರಿನಿಂದ ಎಲೆಗೆ 0.40 ಇಳಿಜಾರು. ಎಲೆಯಾಚೆ ಗಾಳಿಯ ತೇವಾಂಶ ಶೇ. 50 ಇದ್ದರೆ ಅಲ್ಲಿ ಸುಮಾರು −95! ಎಳೆತ ಹುಟ್ಟುವುದು ಅಲ್ಲಿಂದ.

ಈಗ ಈ ತೋಟ. ಮ್ಯಾಟ್ರಿಕ್ ಅದೇ −0.01, ದ್ರಾವ್ಯ −0.36, ಒಟ್ಟು −0.37. ಬೇರು −0.30ರಲ್ಲೇ ಇದ್ದರೆ ನೀರು ಬೇರಿನಿಂದ ಮಣ್ಣಿಗೆ ಹೋಗಬೇಕು. ಮೊದಲಿನಷ್ಟೇ ನೀರು ಎಳೆಯಬೇಕಾದರೆ ಅದೇ 0.22 ಇಳಿಜಾರು ಬೇಕು, ಬೇರು −0.59ಕ್ಕೆ ಇಳಿಯಬೇಕು. ದ್ರಾವ್ಯ −0.70 ಹಾಗೇ ಇದ್ದರೆ ಬೇರಿನ ಟರ್ಗರ್ 0.11ಕ್ಕೆ ಕುಸಿಯಿತು. ಎಲೆ ಅದಕ್ಕಿಂತ 0.40 ಕೆಳಗೆ, −0.99ರಲ್ಲಿ. ಅದರ ಟರ್ಗರ್ 0.50ರಿಂದ 0.21ಕ್ಕೆ. ರೈತರ ಕಣ್ಣಿಗೆ ಬಿದ್ದ ಸೊರಗು ಇದೇ. ವಾಸ್ತವದಲ್ಲಿ ಪತ್ರರಂಧ್ರಗಳು ಒಂದಿಷ್ಟು ಮುಚ್ಚಿ ಹರಿವು ತಗ್ಗುತ್ತದೆ, ದಿನ ಕಳೆದಂತೆ ಕೋಶಗಳು ದ್ರಾವ್ಯ ಕೂಡಿಸಿಕೊಂಡು ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತವೆ. ಬೆಲೆ ತೆರುವುದು ಕಾಯಿಯ ಗಾತ್ರ.

ಒಂದು ದಿನ ನೀರು ಬಿಡದೆ ಮಣ್ಣಿನ ನೀರು ಅರ್ಧವಾಯಿತು ಅನ್ನಿ. ಲವಣ ಅಷ್ಟೇ ಉಳಿದು ಇಸಿ 20ರ ಹತ್ತಿರ, ದ್ರಾವ್ಯ −0.72. ಟೆನ್ಸಿಯೋಮೀಟರ್ 30 ತೋರಿಸಿದರೂ ಒಟ್ಟು −0.75. ಬೇರಿನ ಟರ್ಗರ್ ಸೊನ್ನೆಯಾದರೂ ಅದು ತಲುಪುವುದು −0.70 ಮಾತ್ರ. ನೀರು ಒಳಬರುವ ದಾರಿಯೇ ಇಲ್ಲ. ಉಪ್ಪಿರುವ ಮಣ್ಣನ್ನು ಒಣಗಲು ಬಿಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಸೊರಗಿಗೆ ಬೇರೆ ಕಾರಣಗಳೂ ಇವೆ. ದುಂಡಾಣು ಸೊರಗು ರೋಗದಲ್ಲೂ ಶುರುವಿನಲ್ಲಿ ಗಿಡ ರಾತ್ರಿ ಚೇತರಿಸಿಕೊಳ್ಳುತ್ತದೆ. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ರೋಗ. ಉಪ್ಪಿನದ್ದಾದರೆ ಡ್ರಿಪ್ಪರ್ ಸುತ್ತ ಹಸಿ ವೃತ್ತದ ಅಂಚಿನಲ್ಲಿ ಬಿಳಿ ಪೊರೆ ಕಾಣುತ್ತದೆ, ಇಸಿ ಮೀಟರ್ ಅದನ್ನು ಖಚಿತಪಡಿಸುತ್ತದೆ.

ಇಲ್ಲಿ ಗೊಬ್ಬರ ನಿಲ್ಲಿಸಿ, ಕಡಿಮೆ ಇಸಿಯ ಬರೀ ನೀರನ್ನು ಬೇರಿನ ಆಳ ದಾಟುವಷ್ಟು ಬಿಡಲು ಹೇಳಿದೆ. ಇಸಿ 3ಕ್ಕೆ ಇಳಿದರೆ ಮಣ್ಣು −0.12, ಎಲೆ −0.74, ಟರ್ಗರ್ 0.46. ಬೋರ್‌ವೆಲ್ ನೀರೇ ಉಪ್ಪಾಗಿದ್ದರೆ ಈ ಉಪಾಯ ಅಷ್ಟು ದೂರ ಸಾಗದು. ಇನ್ನೊಂದು: ತುಂತುರು ಮಳೆ ಬಂದಾಗ ಡ್ರಿಪ್ ನಿಲ್ಲಿಸಬೇಡಿ. ಸಣ್ಣ ಮಳೆ ಅಂಚಿನ ಉಪ್ಪನ್ನು ಕರಗಿಸಿ ಬೇರಿನತ್ತ ತರುತ್ತದೆ, ಡ್ರಿಪ್ ಓಡುತ್ತಿದ್ದರೆ ಅದು ಹೊರಗೇ ಉಳಿಯುತ್ತದೆ.