ನನ್ನ ಗೇಮ್ ಯಾಕೆ ಓಡಲಿಲ್ಲ

"ಅಳಗುಳಿಮಣೆ ಎಲ್ಲರಿಗೂ ಗೊತ್ತಿರೋ ಆಟ. ಆದ್ರೂ ನಿನ್ನ ಗೇಮ್ ಯಾಕೆ ಮಾರಾಟ ಆಗ್ಲಿಲ್ಲ? ಮಾರ್ಕೆಟಿಂಗ್ ಮಾಡಿಲ್ವಾ?"

ಗೊತ್ತಿರುವವರು ಯಾರೂ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಇಲ್ಲ, ಅದಕ್ಕೆ. ಒಂದು ಮದುವೆ ಊಟದಲ್ಲಿ ನಮ್ಮ ಚಿಕ್ಕಪ್ಪ ಇಡೀ ಪಂಕ್ತಿಗೆ ಕೇಳಿಸುವ ಹಾಗೆ "ಫೇಸ್‌ಬುಕ್‌ನಲ್ಲಿ ಹಾಕಬೇಕಿತ್ತಪ್ಪಾ" ಅಂದರು. ಹಾಕಿದ್ದೆ ಚಿಕ್ಕಪ್ಪ. ನೀವೇ ಲೈಕ್ ಒತ್ತಿದ್ದಿರಿ. ನಿಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ.

ಸ್ಟೀಮ್ ಅಂಗಡಿಯ ಲೆಕ್ಕ ಬೇರೆ. ಬಿಡುಗಡೆಗೆ ಮುಂಚೆ ಗೇಮ್‌ನ ಪೇಜ್ ಕನಿಷ್ಠ ಎರಡು ವಾರ ತೆರೆದಿರಬೇಕು ಅನ್ನೋದು ಅಲ್ಲಿನ ನಿಯಮ. ನಾನು ತೆರೆದಿಟ್ಟಿದ್ದೂ ಹೆಚ್ಚುಕಮ್ಮಿ ಅಷ್ಟೇ. ಆ ಅವಧಿಯಲ್ಲಿ ಯಾರು ಮುಂದೆ ಕೊಳ್ಳೋಣ ಅಂತ ವಿಶ್‌ಲಿಸ್ಟ್‌ಗೆ ಹಾಕಿಕೊಳ್ಳುತ್ತಾರೋ ಅವರಿಗೆ ಬಿಡುಗಡೆಯ ದಿನ ಮೇಲ್ ಹೋಗುತ್ತದೆ. ಪಟ್ಟಿಯಲ್ಲಿ ಬೆರಳೆಣಿಕೆ ಜನ ಇದ್ದರೆ ಮೇಲ್ ಕೂಡ ಅಷ್ಟೇ ಜನಕ್ಕೆ. ಕೊಂಡವರಲ್ಲಿ ಹತ್ತು ಜನ ರಿವ್ಯೂ ಬರೆಯುವವರೆಗೆ ಗೇಮ್ ಹೇಗಿದೆ ಅನ್ನೋ ಒಟ್ಟು ಅಂಕವನ್ನೂ ಸ್ಟೀಮ್ ತೋರಿಸುವುದಿಲ್ಲ. ಗೇಮ್ ಹಾಕಲು ಕಟ್ಟಿದ 100 ಡಾಲರ್ ವಾಪಸ್ ಬರಬೇಕಾದರೆ 1,000 ಡಾಲರ್ ವ್ಯಾಪಾರ ಆಗಬೇಕು. ನಾನು ಅದರ ಹತ್ತಿರಕ್ಕೂ ಹೋಗಲಿಲ್ಲ.

ಇನ್ನು ಚಿತ್ರದ ಕತೆ. ಪಟ್ಟಿಗಳಲ್ಲಿ ಗೇಮ್ ಕಾಣೋದು ಹೆಬ್ಬೆಟ್ಟಿನಗಲದ ಒಂದು ಚಿತ್ರವಾಗಿ. ಹದಿನಾಲ್ಕು ಗುಳಿ, ಕಂದು ಮಣೆ, ಅದರೊಳಗೆ ಕಂದು ಹುಣಸೆ ಬೀಜ. ದೊಡ್ಡದಾಗಿ ನೋಡಿದರೆ ಬಲು ಚೆಂದ. ಆ ಅಳತೆಗೆ ಇಳಿಸಿದರೆ ಸೀದುಹೋದ ದೋಸೆ. ಪಕ್ಕದಲ್ಲಿ ಕತ್ತಿ ಹಿಡಿದವನೊಬ್ಬ ಕಣ್ಣು ಕೆಂಪಗೆ ಮಾಡಿ ನಿಂತಿರುವಾಗ ಇದನ್ನು ಯಾರು ಒತ್ತುತ್ತಾರೆ ಹೇಳಿ.

ಇಷ್ಟು ಹೇಳಿದರೆ "ಹಾಗಾದ್ರೆ ಮಾರ್ಕೆಟಿಂಗೇ ಸಮಸ್ಯೆ" ಅಂತ ಗೆದ್ದವರ ಹಾಗೆ ನಗುತ್ತಾರೆ. ಕೊಂಡವರು ಆಟ ಎಲ್ಲಿ ನಿಲ್ಲಿಸಿದರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಅದು ನನಗೆ ಗೊತ್ತು, ಹೇಳೋಕೂ ಆಸೆ ಇದೆ.

ಮೊದಲ ಪಂದ್ಯ ಗೆದ್ದರೆ ಅಚೀವ್‌ಮೆಂಟ್ ಅನ್ನೋ ಒಂದು ಪದಕ ಸಿಗುತ್ತದೆ. ಹೆಚ್ಚಿನವರಿಗೆ ಅದು ಸಿಕ್ಕೇ ಇಲ್ಲ. ಆಟ ಕಷ್ಟ ಅಂತಲ್ಲ. ನಮ್ಮ ಆಟದಲ್ಲಿ ಒಂದು ಗುಳಿಯ ಬೀಜ ಹಂಚಿ ಮುಗಿದ ಮೇಲೆ ಮುಂದಿನ ಗುಳಿಯದನ್ನು ಎತ್ತಿಕೊಂಡು ಮತ್ತೆ ಹಂಚಬೇಕು. ಮುಂದಿನ ಗುಳಿ ಖಾಲಿ ಸಿಗುವ ತನಕ ಕೈ ನಿಲ್ಲುವಂತಿಲ್ಲ. ಒಂದು ಬೀಜ ಬೀಳಲು ಅರ್ಧ ಸೆಕೆಂಡ್ ಇಟ್ಟಿದ್ದೆ, ಟಕ್ ಅನ್ನೋ ಸದ್ದು ಚೆನ್ನಾಗಿ ಕೇಳಲಿ ಅಂತ. ನಲವತ್ತು ಬೀಜ ಹಂಚುವ ಸರದಿ ಬಂದರೆ ಇಪ್ಪತ್ತು ಸೆಕೆಂಡ್. ಜಗಲಿಯಲ್ಲಿ ಕೂತು ಆಡುವಾಗ ಅಷ್ಟು ಹೊತ್ತು ಎದುರಿನವರ ಕೈಮೇಲೆ ಕಣ್ಣಿಟ್ಟು, ಕಳ್ಳಾಟ ಮಾಡ್ತಾರಾ ಅಂತ ಕಾಯುತ್ತೇವೆ. ಕಂಪ್ಯೂಟರ್ ಕಳ್ಳಾಟ ಆಡಲ್ಲ. ಸುಮ್ನೆ ನೋಡ್ತಾ ಕೂರಬೇಕು.

ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಪಡೆಯಬಹುದು. ಹಾಗೆ ಪಡೆದವರು ಬರೆದ ಕಾರಣಗಳು ನನಗೂ ಕಾಣುತ್ತವೆ. ತುಂಬಾ ನಿಧಾನ ಅನ್ನೋದೇ ಜಾಸ್ತಿ.

ಈಗ ಸ್ಪೇಸ್ ಒತ್ತಿ ಹಿಡಿದರೆ ಬೀಜಗಳು ಸರಸರ ಬೀಳುತ್ತವೆ. ದುಡ್ಡು ವಾಪಸ್ ತಗೊಂಡವರಿಗೆ ಇದನ್ನು ತಿಳಿಸೋಣ ಅಂದರೆ ಅವರ ವಿಳಾಸ ಸ್ಟೀಮ್ ನನಗೆ ಕೊಡುವುದಿಲ್ಲ.